ಡ್ಯಾಶ್‌ಬೋರ್ಡಿನ ಕಿತ್ತಳೆ ದೀಪ

ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ ನಾನು ದೊಡ್ಡಬಳ್ಳಾಪುರದ ಹೊರಗೆ ಒಂದು ತಗಡಿನ ಷೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದೆ. ಹಳ್ಳಿಗಳಿಗೆ ಕುಡಿಯುವ ನೀರಿನ ಕೊಳವೆಬಾವಿ ಕೊರೆಯುವ ಯೋಜನೆ ಅದು. ಕೊರೆಯುವ ಯಂತ್ರಗಳ ಲಾರಿಗಳು, ಒಂದು ಹಳೇ ಜೀಪು, ಆಮೇಲೆ ಹೊರದೇಶದಿಂದ ದಾನವಾಗಿ ಬಂದ ಒಂದು ಎತ್ತರದ ಗಾಡಿ, ಇಷ್ಟೂ ನನ್ನ ಕೈಕೆಳಗೆ. ಈಗ ಎಲ್ಲರೂ ಎಸ್‌ಯುವಿ ಎನ್ನುತ್ತಾರಲ್ಲ, ಆ ದಾನದ ಗಾಡಿ ಅವುಗಳ ತಾತ. ನಾವು ಅದನ್ನು ಬರೀ ‘ದೊಡ್ಡ ಗಾಡಿ’ ಎನ್ನುತ್ತಿದ್ದೆವು.

ಜೀಪಿನ ವಿಷಯ ಸುಲಭವಾಗಿತ್ತು. ಗೇರಿನ ಪಕ್ಕದಲ್ಲಿ ಇನ್ನೆರಡು ಸಣ್ಣ ಲಿವರುಗಳು. ಒಂದನ್ನು ಹಾಕಿದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುತ್ತದೆ, ಇನ್ನೊಂದು ‘ಲೋ ಗೇರು’, ಬಲವನ್ನು ಹೆಚ್ಚಿಸಿ ವೇಗವನ್ನು ತಗ್ಗಿಸುತ್ತದೆ. ಮುಂದಿನ ಚಕ್ರಕ್ಕೆ ಮೊದಲು ಹಾಕದೆ ಎರಡನೆಯದು ಬೀಳುವುದಿಲ್ಲ. ದೀಪಗೀಪ ಏನೂ ಇರಲಿಲ್ಲ. ಲಿವರುಗಳನ್ನು ಹೇಗೆ ಎಳೆಯಬೇಕು ಎಂಬ ಚಿತ್ರವಿದ್ದ ಒಂದು ತಗಡಿನ ಪಟ್ಟಿ ಡ್ಯಾಶ್‌ಬೋರ್ಡಿನಲ್ಲಿತ್ತು, ಅದನ್ನು ಓದಿದವರು ಯಾರೂ ಇರಲಿಲ್ಲ. ಕೆರೆಯಂಗಳದ ಕೆಸರು ಬಂತು, ಮರಳು ಬಂತು, ಲಿವರ್ ಹಾಕು. ಟಾರು ರಸ್ತೆ ಬಂತು, ತೆಗೆ. ಮರೆತರೆ ತಿರುವಿನಲ್ಲಿ ಸ್ಟೇರಿಂಗೇ ಜಗಳಕ್ಕೆ ನಿಂತು ನೆನಪಿಸುತ್ತಿತ್ತು. ಆಗ ಲಿವರ್ ಕಚ್ಚಿಕೊಂಡು ಬಾರದಿದ್ದರೆ ನಾಲ್ಕು ಗಜ ಹಿಂದಕ್ಕೆ ಹೋದರೆ ಸಾಕು, ತಾನಾಗಿ ಸಡಿಲವಾಗುತ್ತಿತ್ತು.

ದೊಡ್ಡ ಗಾಡಿ ಬೇರೆಯೇ ಜಾತಿ. ಅದರಲ್ಲಿ ನಾಲ್ಕು ಚಕ್ರಕ್ಕೂ ಯಾವಾಗಲೂ ಬಲ ಹೋಗುತ್ತಲೇ ಇರುತ್ತದೆ, ಟಾರಿನ ಮೇಲೂ ಅಷ್ಟೆ. ಹಾಗಿದ್ದೂ ತಿರುವಿನಲ್ಲಿ ತೊಂದರೆಯಾಗದಂತೆ ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ನಡುವೆ ಒಂದು ಡಿಫರೆನ್ಷಿಯಲ್ ಇಟ್ಟಿದ್ದರು. ಕಣದಲ್ಲಿ ಒಕ್ಕಣೆಗೆ ಕಟ್ಟಿದ ಎತ್ತುಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಸುತ್ತು ಹೊಡೆಯುವಾಗ ಹೊರಗಿನ ಎತ್ತು ಹೆಚ್ಚು ನಡೆಯಬೇಕು, ಒಳಗಿನದು ಕಡಿಮೆ. ಗಾಡಿಯ ಚಕ್ರಗಳೂ ಹಾಗೆಯೇ, ತಿರುವಿನಲ್ಲಿ ಒಂದೊಂದೂ ಒಂದೊಂದು ದೂರ ಓಡಬೇಕು. ಅದಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್ಲಿನ ಕೆಲಸ. ಆದರೆ ಅದಕ್ಕೊಂದು ದುರ್ಗುಣವಿದೆ. ಮುಂದಿನ ಚಕ್ರಗಳು ಕೆಸರಿನಲ್ಲಿ ಜಾರತೊಡಗಿದರೆ ಬಲವೆಲ್ಲ ಆ ಜಾರುವ ಕಡೆಗೇ ಹರಿದು, ಹಿಂದಿನವು ಗಟ್ಟಿ ನೆಲದಲ್ಲಿದ್ದರೂ ಸುಮ್ಮನೆ ನಿಂತುಬಿಡುತ್ತವೆ. ಆಗ ಮುಂದಿನವೂ ಹಿಂದಿನವೂ ಒಂದೇ ವೇಗದಲ್ಲಿ ತಿರುಗುವಂತೆ ಡಿಫರೆನ್ಷಿಯಲ್ಲನ್ನು ಬಂಧಿಸಬೇಕು. ಅದಕ್ಕೆ ಸೀಟುಗಳ ನಡುವೆ ಒಂದು ಗುಂಡಿ. ಮೇಲಕ್ಕೆ ಎಳೆದರೆ ಲಾಕ್, ಒತ್ತಿದರೆ ಬಿಡುಗಡೆ. ಎಂಜಿನ್ ಗಾಳಿ ಹೀರಿಕೊಳ್ಳುವ ಸೆಳೆತವೇ ಎರಡು ಸಣ್ಣ ರಬ್ಬರ್ ನಳಿಕೆಗಳ ಮೂಲಕ ಈ ಕೆಲಸ ಮಾಡುತ್ತಿತ್ತು, ಒಂದು ನಳಿಕೆ ಲಾಕ್ ಹಾಕುವುದಕ್ಕೆ, ಇನ್ನೊಂದು ಬಿಡುವುದಕ್ಕೆ. ಲಾಕ್ ಬಿದ್ದಿದೆ ಎಂದು ತಿಳಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಕಿತ್ತಳೆ ಬಣ್ಣದ ದೀಪ.

ಗಾಡಿಯ ಜೊತೆ ಬಂದಿದ್ದ ಬಿಳಿ ಮೆಕ್ಯಾನಿಕ್ ಎರಡು ದಿನ ಇದ್ದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿಕೊಟ್ಟ. ನನಗೆ ಅರ್ಧ ತಿಳಿಯಿತು, ತಲೆಯನ್ನು ಮಾತ್ರ ಪೂರ್ತಿ ಆಡಿಸಿದೆ. ಮೇಸ್ತ್ರಿ ಎನಿಸಿಕೊಂಡವನು ಹತ್ತು ಜನರೆದುರು ಇನ್ನೊಂದು ಸಲ ಹೇಳಿ ಎನ್ನುವುದುಂಟೇ? ಆ ಗರ್ವ ನನಗೆ ಮೊದಲಿನಿಂದಲೂ ಇತ್ತು, ಈಗಲೂ ಪೂರ್ತಿ ಹೋಗಿಲ್ಲ.

ದೊಡ್ಡ ಗಾಡಿಗೆ ಬಂದ ಡ್ರೈವರ್ ಆವತಿ ಕಡೆಯವನು, ಮೂವತ್ತರ ಆಸುಪಾಸು. ಅದಕ್ಕೆ ಮೊದಲು ಯಾರದೋ ಟ್ರಾಕ್ಟರ್ ಓಡಿಸುತ್ತಿದ್ದ. ನಮ್ಮಲ್ಲಿ ದಿನಗೂಲಿಯ ಮೇಲಿದ್ದ. ಆರು ತಿಂಗಳು ಯಾವ ದೂರೂ ಇಲ್ಲದೆ ಕಳೆದರೆ ಕಾಯಂ ಆರ್ಡರ್ ಕೊಡುವುದಾಗಿ ಎಂಜಿನಿಯರು ಹೇಳಿದ್ದರು, ಅದರಲ್ಲಿ ನಾಲ್ಕು ತಿಂಗಳು ಕಳೆದಿದ್ದವು. ಅವನ ಹೆಂಡತಿ ಎರಡನೆಯ ಸಲ ಬಸುರಿ. ಕಾಯಂ ಆದರೆ ದೊಡ್ಡಬಳ್ಳಾಪುರದಲ್ಲೇ ಮನೆ ಮಾಡುತ್ತೇನೆ, ದೊಡ್ಡವಳನ್ನು ಇಲ್ಲಿಯ ಸ್ಕೂಲಿಗೆ ಹಾಕುತ್ತೇನೆ ಎಂದು ಷೆಡ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದ. ಮಾತು ಸ್ವಲ್ಪ ಜಾಸ್ತಿ, ಕೆಲಸದಲ್ಲಿ ಮಾತ್ರ ಚೊಕ್ಕ. ಬೆಳಿಗ್ಗೆ ಗಾಡಿ ಒರೆಸದೆ ಹತ್ತುತ್ತಿರಲಿಲ್ಲ.

ಅವನಿಗೆ ಗಾಡಿ ಕಲಿಸಿದವನು ನಾನು. ಟ್ರಾಕ್ಟರಿನಲ್ಲೂ ಡಿಫರೆನ್ಷಿಯಲ್ ಲಾಕ್ ಇದ್ದದ್ದರಿಂದ ಅವನಿಗೆ ಅದು ಹೊಸದಲ್ಲ. ಆದರೆ ಅಲ್ಲಿ ಅದು ಹಿಂದಿನ ಎರಡು ಚಕ್ರಗಳ ನಡುವಿನ ಲಾಕ್, ಕಾಲಿನಲ್ಲಿ ತುಳಿಯುವುದು. ಕಾಲು ತೆಗೆದರೆ ಪೆಡಲ್ ತಾನಾಗಿ ಮೇಲೆ ಬರುತ್ತದೆ, ಲಾಕ್ ಬಿಡುತ್ತದೆ.

“ಇದು ಹಂಗಲ್ಲ ಕಣೋ” ಎಂದು ನಾನು ಹೇಳಿದೆ. “ಇದು ತಾನಾಗಿ ಬರಲ್ಲ. ನೀನೇ ಹಾಕ್ಬೇಕು, ನೀನೇ ತೆಗೀಬೇಕು. ಕೆಸರು ಕಾಣಿಸ್ತು ಅಂದ್ರೆ ಇಳಿಯೋಕೆ ಮುಂಚೇನೇ ಹಾಕು. ಚಕ್ರ ಗಿರಗಿರ ಅಂತ ಸುತ್ತೋವಾಗ ಎಳೆದ್ಯೋ, ಒಳಗೆ ಹಲ್ಲು ಮುರಿದೋಗುತ್ತೆ. ಗಟ್ಟಿ ನೆಲ ಸಿಕ್ಕಿದ ತಕ್ಷಣ ತೆಗೆ.”

“ಲೋ ಗೇರು ಹಾಕಿದ್ರೆ ಲಾಕೂ ಬೀಳುತ್ತಾ ಮೇಸ್ತ್ರಿ?”

“ಇಲ್ಲ. ಅದು ಬೇರೆ, ಇದು ಬೇರೆ. ಕಡಿದಾದ ಏರು ಹತ್ತೋಕೆ, ಇಳಿಜಾರಲ್ಲಿ ನಿಧಾನಕ್ಕೆ ಇಳಿಯೋಕೆ ಲೋ ಗೇರು. ಜಾರೋ ಕಡೆಗೆ ಲಾಕು. ಎರಡೂ ಬೇಕಾದಾಗ ಎರಡೂ ಹಾಕ್ಕೋ.”

“ತೆಗ್ದಿದೀನೋ ಇಲ್ವೋ ಮರ್ತೋದ್ರೆ?”

“ದೀಪ ನೋಡು. ಗುಂಡಿ ನಂಬಬೇಡ, ದೀಪ ನಂಬು. ಗುಂಡಿ ನೀನು ಏನ್ ಕೇಳ್ದೆ ಅಂತ ಮಾತ್ರ ಹೇಳುತ್ತೆ. ಒಳಗೆ ನಿಜವಾಗ್ಲೂ ಏನಾಗಿದೆ ಅನ್ನೋದನ್ನ ದೀಪ ಹೇಳುತ್ತೆ. ದೀಪದ ಸ್ವಿಚ್ಚು ಗೇರ್‌ಬಾಕ್ಸಲ್ಲೇ ಇದೆ.”

ಚೆನ್ನಾಗಿ ಹೇಳಿದೆ ಎಂದು ನನಗೇ ಅನಿಸಿತ್ತು. ಅವನು ಅದನ್ನು ದೇವರ ಮಾತಿನಂತೆ ಹಿಡಿದುಕೊಂಡ. ಜೀಪಿನ ಡ್ರೈವರಿಗೂ ಲಾರಿಯವರಿಗೂ ‘ಗುಂಡಿ ನಂಬಬೇಡಿ, ದೀಪ ನಂಬಿ’ ಎಂದು ಪಾಠ ಮಾಡುತ್ತಿದ್ದ. ಅವರ ಗಾಡಿಗಳಲ್ಲಿ ಗುಂಡಿಯೂ ಇರಲಿಲ್ಲ, ದೀಪವೂ ಇರಲಿಲ್ಲ.

ಒಂದು ಸೋಮವಾರ ಸಂಜೆ ಅವನು ದೇವನಹಳ್ಳಿ ತಾಲ್ಲೂಕಿನ ಒಂದು ಕೆರೆಯಂಗಳದಿಂದ ಹಿಂದಿರುಗಿದ. ನೀರಿನ ಜಾಗ ಗುರುತಿಸುವ ಭೂವಿಜ್ಞಾನಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಗಾಡಿಯ ಹೊಟ್ಟೆಯ ತುಂಬ ಕೆಸರು, ಅಲ್ಲಲ್ಲಿ ಜಾಲಿ ಮುಳ್ಳು ಸಿಕ್ಕಿಕೊಂಡಿತ್ತು. ಇಳಿದವನೇ ನನ್ನ ಹತ್ತಿರ ಬಂದ.

“ಮೇಸ್ತ್ರಿ, ಗುಂಡಿ ಒತ್ತಿದೀನಿ, ದೀಪ ಆರ್ತಾ ಇಲ್ಲ. ಸ್ಟೇರಿಂಗೂ ಒಂಥರಾ ಬಿಗಿ ಬಂದಂಗಿದೆ.”

ನಾನು ಹತ್ತಿ ಕೂತೆ. ಗುಂಡಿ ಎಳೆದೆ, ಒತ್ತಿದೆ. ಇನ್ನೊಮ್ಮೆ ಎಳೆದೆ, ಒತ್ತಿದೆ. ದೀಪ ಉರಿಯುತ್ತಲೇ ಇತ್ತು. ಅಂದು ಬೆಳಿಗ್ಗೆಯಿಂದ ಒಂದು ಲಾರಿಯ ಕ್ಲಚ್ ಬಿಚ್ಚಿ ನನ್ನ ಸೊಂಟ ಬಿದ್ದುಹೋಗಿತ್ತು. ಕೆಸರು ಮೆತ್ತಿದ ಆ ಗಾಡಿಯ ಕೆಳಗೆ ಮಲಗುವ ಮನಸ್ಸಿರಲಿಲ್ಲ. ಗೇರ್‌ಬಾಕ್ಸಿನ ಸ್ವಿಚ್ಚಿಗೆ ಕೆಸರು ನುಗ್ಗಿ ಅಂಟಿಕೊಂಡಿರಬೇಕು, ಲಾಕ್ ಬಿಟ್ಟಿದೆ, ದೀಪ ಮಾತ್ರ ಸುಳ್ಳು ಹೇಳುತ್ತಿದೆ ಎಂದು ಅಲ್ಲಿಯೇ ತೀರ್ಮಾನಿಸಿದೆ. ಬಿಗಿ ಬಂದ ಸ್ಟೇರಿಂಗಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ಕಾಲದ ಷೆಡ್ಡುಗಳಲ್ಲಿ ಆರದೆ ಹಟ ಹಿಡಿದ ದೀಪಕ್ಕೆ ಒಂದೇ ಮದ್ದಿತ್ತು. ಬಲ್ಬ್ ಕೀಳುವುದು. ಎಂಜಿನ್ ಎಣ್ಣೆ ಕಡಿಮೆಯಾದರೆ ಹತ್ತುವ ದೀಪ, ಬ್ಯಾಟರಿ ಚಾರ್ಜಿನ ದೀಪ, ಯಾವುದೇ ಇರಲಿ, ಅಧಿಕಾರಿಗಳು ಹಿಂದೆ ಕೂತು ‘ಅದೇನ್ರೀ ಅದು ಉರೀತಿದೆ’ ಎಂದು ಕೇಳದಿದ್ದರೆ ಸಾಕು. ಪುರುಸೊತ್ತಾದಾಗ ನೋಡಿದರಾಯಿತು ಎಂದು ಬಿಟ್ಟ ಗಾಡಿಗಳು ಎಷ್ಟೋ. ನನ್ನ ಗುರುಗಳೂ ಹಾಗೆಯೇ ಮಾಡುತ್ತಿದ್ದರು, ನಾನೂ ಹಾಗೆಯೇ ಮಾಡಿದೆ. ಮರುದಿನ ಬೆಳಿಗ್ಗೆ ಅವನು ಬರುವ ಮೊದಲೇ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ ಬಲ್ಬ್ ಕಿತ್ತು ನನ್ನ ಡ್ರಾಯರಿನಲ್ಲಿಟ್ಟೆ.

“ಏನಾಗಿತ್ತು ಮೇಸ್ತ್ರಿ?” ಎಂದ ಅವನು ಬಂದು.

“ಸ್ವಿಚ್ಚು ಕೆಟ್ಟಿತ್ತು. ಸರಿ ಮಾಡಿದೀನಿ, ಹೋಗು.”

ಬಲ್ಬ್ ಕಿತ್ತಿದ್ದೇನೆ ಎಂದು ಹೇಳಬಹುದಿತ್ತು. ಹೇಳಿದ್ದರೆ ‘ದೀಪ ನಂಬು ಅಂದೋರು ನೀವೇ ಅಲ್ವಾ’ ಎಂದು ಅವನು ಕೇಳುತ್ತಿದ್ದ. ಆ ಪ್ರಶ್ನೆ ನನಗೆ ಬೇಕಿರಲಿಲ್ಲ. ಅವನು ದೀಪ ಆರಿದ್ದನ್ನು ನೋಡಿ ಖುಷಿಯಾಗಿ ಹೊರಟ.

ಮುಂದಿನ ಒಂಬತ್ತು ದಿನ ಅವನಿಗೆ ಕೆಸರೇ ಸಿಗಲಿಲ್ಲ. ಯಾರೋ ದೊಡ್ಡ ಅಧಿಕಾರಿಗಳ ಭೇಟಿಯಿತ್ತು, ದಿನವೂ ಬೆಂಗಳೂರಿಗೆ, ಹೊಸಕೋಟೆಗೆ, ನೆಲಮಂಗಲಕ್ಕೆ ಬರೀ ಟಾರು ರಸ್ತೆಯ ಓಡಾಟ. ಗುಂಡಿ ಎಳೆಯುವ ಅಗತ್ಯವೇ ಬೀಳಲಿಲ್ಲ, ಹಾಗಾಗಿ ಎಳೆದರೂ ದೀಪ ಹತ್ತುವುದಿಲ್ಲ ಎಂಬುದು ಅವನಿಗೆ ತಿಳಿಯಲಿಲ್ಲ. ಸ್ಟೇರಿಂಗ್ ಬಿಗಿ ಎಂದು ಮತ್ತೊಂದು ಸಲ ಹೇಳಿದ. ಗ್ರೀಸ್ ಹೊಡೆದು ಕಳಿಸಿದೆ. ಟೈರಿನ ಅಂಚು ಸವೆದಿದ್ದು ಕಂಡರೂ ದಾನದ ಟೈರು ನಮ್ಮ ಬಿಸಿಲಿಗೆ ಒಗ್ಗಿಲ್ಲ ಎಂದುಕೊಂಡೆ. ಬುದ್ಧಿಗೆ ಮಂಕು ಕವಿದಾಗ ಕಾರಣಗಳಿಗೇನೂ ಬರವಿರುವುದಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಅರಿಶಿನಕುಂಟೆಯ ಹತ್ತಿರ ಹೆದ್ದಾರಿಯಿಂದ ತಿರುಗುವಾಗ ಗಾಡಿಯ ಕೆಳಗೆ ಗುಂಡು ಹೊಡೆದಂತೆ ಸದ್ದಾಯಿತಂತೆ. ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು ಮುರಿದು ಶಾಫ್ಟು ಕಳಚಿ ಬಿದ್ದು, ಬೀಳುವಾಗ ಗೇರ್‌ಬಾಕ್ಸಿನ ಹೊರಕವಚವನ್ನೂ ಸೀಳಿತ್ತು. ಗಾಡಿಯಲ್ಲಿದ್ದ ಎಂಜಿನಿಯರಿಗೆ ಏನೂ ಆಗಲಿಲ್ಲ, ಡ್ರೈವರಿಗೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಲಾರಿಯ ಹಿಂದೆ ಕಟ್ಟಿ ಎಳೆದು ತಂದರು.

ನಾನು ಕೆಳಗೆ ಮಲಗಿ ಟಾರ್ಚು ಬಿಟ್ಟೆ. ಒಂದೇ ನಿಮಿಷದಲ್ಲಿ ಎಲ್ಲ ಗೊತ್ತಾಯಿತು. ಲಾಕ್ ಬಿಡಿಸುವ ರಬ್ಬರ್ ನಳಿಕೆ ಕಳಚಿ ಜೋತಾಡುತ್ತಿತ್ತು, ಅದರ ಪಕ್ಕದಲ್ಲಿ ಜಾಲಿ ಮುಳ್ಳಿನ ಒಂದು ಒಣಗಿದ ಕಡ್ಡಿ. ಆ ಕೆರೆಯಂಗಳದ ದಿನದಿಂದ ಲಾಕ್ ಬಿಟ್ಟೇ ಇರಲಿಲ್ಲ. ಒಂಬತ್ತು ದಿನದ ಟಾರಿನ ಪ್ರತಿ ತಿರುವಿನಲ್ಲೂ ಮುಂದಿನ ಚಕ್ರಗಳೂ ಹಿಂದಿನವೂ ಒಂದನ್ನೊಂದು ಜಗ್ಗಿ, ಶಾಫ್ಟು ಒಳಗೊಳಗೇ ಹುರಿಗೊಂಡು, ಕೊನೆಗೆ ತ್ರಾಣ ಕಡಿಮೆಯಿದ್ದ ಕಡೆ ಮುರಿದಿತ್ತು. ಸ್ವಿಚ್ಚು ಸರಿಯಾಗಿತ್ತು. ದೀಪ ನಿಜವನ್ನೇ ಹೇಳಿತ್ತು. ನಾನು ಆ ಸೋಮವಾರ ಐದು ನಿಮಿಷ ನೆಲಕ್ಕೆ ಬೆನ್ನು ಕೊಟ್ಟಿದ್ದರೆ ನಳಿಕೆಯನ್ನು ಕೈಯಲ್ಲೇ ಸಿಕ್ಕಿಸಿ ಮುಗಿಸಬಹುದಿತ್ತು.

ಹೆದರಿಕೆಯಾಯಿತು. ಹೊರಗೆ ಬಂದು ಕೈ ತೊಳೆದೆ, ಡ್ರಾಯರಿನಿಂದ ಬಲ್ಬ್ ತೆಗೆದು ಅದರ ಜಾಗದಲ್ಲಿ ಕೂರಿಸಿದೆ. ಯೋಚನೆ ಮಾಡಿ ಮಾಡಿದ್ದಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಹೊತ್ತಿನಲ್ಲಿ ಷೆಡ್ಡಿನಲ್ಲಿ ಯಾರೂ ಇಲ್ಲವೆಂದು ಸುತ್ತ ನೋಡಿಯೇ ಕೈ ಹಾಕಿದ್ದೆ.

ನಾಲ್ಕು ದಿನದ ಮೇಲೆ ವಿಚಾರಣೆ. ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ಬಿಡಿಭಾಗಗಳು ಹಡಗಿನಲ್ಲಿ ಬರಬೇಕು, ಅಲ್ಲಿಯವರೆಗೆ ಗಾಡಿ ನಿಲ್ಲಬೇಕು, ದಾನ ಕೊಟ್ಟವರಿಗೆ ಕಾರಣ ಬರೆದು ಕಳಿಸಬೇಕು. ಅವರು ಕೆಟ್ಟವರಲ್ಲ, ಒಂದು ಕಾರಣ ಬೇಕಾಗಿತ್ತು ಅಷ್ಟೆ. ಎಂಜಿನಿಯರು ನಳಿಕೆಯನ್ನು ತೋರಿಸಿದರು.

“ನಳಿಕೆ ಕಳಚಿದ್ದು ಡ್ರೈವರನ ತಪ್ಪಲ್ಲ” ಎಂದರು ಅಧಿಕಾರಿ. “ಆದರೆ ಲಾಕ್ ಬಿದ್ದೇ ಇದ್ದರೆ ಮುಂದೆ ದೀಪ ಉರಿಯುತ್ತಿರಬೇಕಲ್ಲ. ಏನಪ್ಪಾ, ದೀಪ ಉರೀತಿರಲಿಲ್ವಾ?”

“ಇಲ್ಲ ಸಾರ್. ಆರಿತ್ತು.”

“ಒಂಬತ್ತು ದಿನವೂ?”

“ಒಂಬತ್ತು ದಿನವೂ ಸಾರ್. ನಾನು ದಿನಾ ನೋಡ್ತಿದ್ದೆ. ಅದಕ್ಕೆ ಮುಂಚೆ ಒಂದಿನ ಆರ್ದೆ ಇತ್ತು, ಮೇಸ್ತ್ರಿ ಸ್ವಿಚ್ ಸರಿ ಮಾಡಿದ್ರು. ಆಮೇಲೆ ಒಂದ್ಸಲಾನೂ ಹತ್ತಲಿಲ್ಲ.”

ಅಧಿಕಾರಿ ನನ್ನನ್ನು ನೋಡಿದರು. ನಾನು “ಸ್ವಿಚ್ ಕ್ಲೀನ್ ಮಾಡಿದ್ದೆ ಸಾರ್” ಎಂದೆ. ಅವರು ಎದ್ದು ಹೋಗಿ ಗಾಡಿಯ ಚಾವಿ ತಿರುಗಿಸಿದರು. ಕಿತ್ತಳೆ ದೀಪ ಚೆನ್ನಾಗಿ ಹೊತ್ತಿಕೊಂಡಿತು.

ಆ ಕ್ಷಣ ಅವನ ಮುಖದಲ್ಲಿ ಕೋಪ ಬರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ದೀಪವನ್ನು ನೋಡಿದ, ಅಧಿಕಾರಿಯನ್ನು ನೋಡಿದ, ಮತ್ತೆ ದೀಪವನ್ನು ನೋಡಿದ. “ಆರಿತ್ತು ಸಾರ್” ಎಂದು ಇನ್ನೊಂದು ಸಲ ಹೇಳಿದ, ಮೊದಲಿಗಿಂತ ಸಣ್ಣ ಧ್ವನಿಯಲ್ಲಿ. ಗಾಡಿ ಕೆಡಿಸಿದ್ದಕ್ಕಿಂತ ಸುಳ್ಳು ಹೇಳಿದ್ದು ಅವರಿಗೆ ದೊಡ್ಡದಾಗಿ ಕಂಡಿತು. ವಾರದ ಕೊನೆಗೆ ಕೆಲಸದಿಂದ ತೆಗೆಯಿರಿ ಎಂದು ಎಂಜಿನಿಯರಿಗೆ ಹೇಳಿ ಅಧಿಕಾರಿ ಹೊರಟರು. ನಾನು ಬಾಯಿ ಬಿಡಲಿಲ್ಲ. ನನಗೂ ಮನೆಯಿತ್ತು, ಮಕ್ಕಳಿದ್ದರು, ಮೇಸ್ತ್ರಿ ಪಟ್ಟವಿತ್ತು.

ಶನಿವಾರ ಬೆಳಿಗ್ಗೆ ಅವನು ಚಾವಿ ಒಪ್ಪಿಸಲು ಬಂದ. ಖಾಕಿ ಅಂಗಿಯನ್ನು ಒಗೆದು ಮಡಚಿ ತಂದಿದ್ದ. ಬೈಯುತ್ತಾನೆ ಎಂದುಕೊಂಡು ನಾನು ಗಂಟಲು ಗಟ್ಟಿ ಮಾಡಿಕೊಂಡಿದ್ದೆ. ಬೈದವರಿಗೆ ತಿರುಗಿ ಬೈಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ಅವನು ಬೈಯಲಿಲ್ಲ. ನನ್ನ ಬೆಂಚಿನ ತುದಿಯಲ್ಲಿ ಕೂತ.

“ಮೇಸ್ತ್ರಿ, ಒಂದು ಮಾತು. ಮನೇಲಿ ಕೂತು ಯೋಚ್ನೆ ಮಾಡ್ದೆ. ದೀಪ ಉರೀತಾನೇ ಇತ್ತೇನೋ, ನನಗೇ ಕಾಣಿಸಲಿಲ್ವೇನೋ. ಬಿಸಿಲಿಗೆ ಕೆಲವು ಸಲ ಕಾಣಿಸಲ್ಲ ಅಲ್ವಾ?”

ನಾನು ಬೆಂಚಿನ ಮೇಲಿನ ಸ್ಪ್ಯಾನರುಗಳನ್ನು ಸಾಲಾಗಿ ಇಡತೊಡಗಿದೆ.

“ಕಣ್ಣು ತೋರಿಸ್ಕೊಂಬಾ ಅಂತಾಳೆ ನನ್ನ ಹೆಂಡ್ತಿ. ಕಣ್ಣು ಸರಿ ಇಲ್ಲ ಅಂದ್ರೆ ಯಾರೂ ಗಾಡಿ ಕೊಡಲ್ಲ. ನೀವು ಏನಂತೀರಿ? ಟ್ರಾಕ್ಟರ್ ಆದ್ರೂ ಓಡಿಸಬಹುದಾ ನಾನು?”

ಅವನು ನನ್ನನ್ನು ಅನುಮಾನಿಸಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಖಂಡಿತ ಸುಮ್ಮನಿರುತ್ತಿದ್ದೆ. ಆದರೆ ಮೂವತ್ತು ವರ್ಷದ ಗಟ್ಟಿ ಆಳು ತನ್ನ ಕಣ್ಣನ್ನೇ ಅನುಮಾನಿಸಿ, ನಾನು ಹೇಳಿದ್ದನ್ನು ಇನ್ನೂ ನಂಬಿಕೊಂಡು ನನ್ನೆದುರು ಕೂತಿದ್ದ. ನನಗೆ ತಡೆಯಲಾಗಲಿಲ್ಲ.

“ನಿನ್ನ ಕಣ್ಣಿಗೆ ಏನೂ ಆಗಿಲ್ಲ ಕಣೋ. ಬಲ್ಬ್ ನಾನು ಕಿತ್ತಿಟ್ಟಿದ್ದೆ. ಗಾಡಿ ಎಳ್ಕೊಂಡು ಬಂದ ಮೇಲೆ ವಾಪಸ್ ಹಾಕ್ದೆ.”

ಅವನು ಮಡಚಿದ ಅಂಗಿಯನ್ನು ಬೆಂಚಿನ ಮೇಲಿಟ್ಟ. ಆಮೇಲೆ “ಹಂಗಾದ್ರೆ ಆರಿತ್ತು” ಎಂದ. ಅಷ್ಟೇ ಹೇಳಿದ್ದು.

ಚಾವಿಯನ್ನು ಅವನ ಕೈಯಲ್ಲೇ ಬಿಟ್ಟು ನಾನು ಎಂಜಿನಿಯರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಒಂದು ಬಿಳಿ ಹಾಳೆ ಮುಂದಿಟ್ಟು ಬರೆದುಕೊಡಿ ಎಂದರು. ಬರೆದುಕೊಟ್ಟೆ. ಎರಡು ವರ್ಷ ನನ್ನ ಮೇಸ್ತ್ರಿ ಪಟ್ಟ ಹೋಯಿತು, ನಾನೇ ಕೆಲಸ ಕಲಿಸಿದವನ ಕೈಕೆಳಗೆ ಸ್ಪ್ಯಾನರ್ ಹಿಡಿದು ನಿಂತೆ. ಹೊಟ್ಟೆ ಉರಿಯಿತು, ಆದರೆ ಅನ್ಯಾಯ ಎನ್ನಲು ಬಾಯಿರಲಿಲ್ಲ. ಅವನು ಕೆಲಸದಲ್ಲಿ ಉಳಿದ. ಎರಡು ತಿಂಗಳ ಮೇಲೆ ಕಾಯಂ ಆರ್ಡರ್ ಬಂತು, ಊರಿನಲ್ಲಿ ಮನೆ ಮಾಡಿದ, ಎರಡನೆಯ ಮಗುವಿನ ನಾಮಕರಣಕ್ಕೆ ನನ್ನನ್ನೂ ಕರೆದ. ಹೋಗಿ ಉಂಡು ಬಂದೆ. ಎಲ್ಲ ಮುಗಿಯಿತು ಎಂದುಕೊಂಡೆ.

ಬಿಡಿಭಾಗಗಳು ಬರಲು ಐದು ತಿಂಗಳಾಯಿತು. ಶಾಫ್ಟು ಕೂರಿಸಿ, ಹೊಸ ನಳಿಕೆ ಹಾಕಿ, ಅದು ಕಳಚದಂತೆ ಕ್ಲಿಪ್ ಬಿಗಿದು, ಗಾಡಿಯನ್ನು ನಾನೇ ನಾಲ್ಕು ಸಲ ಓಡಿಸಿ ನೋಡಿದೆ. ಅವನು ಹೊರಡುವ ಬೆಳಿಗ್ಗೆ ಹತ್ತಿರ ಹೋಗಿ ಹೇಳಿದೆ, “ಎಲ್ಲ ಸರಿಯಾಗಿದೆ ಕಣೋ. ದೀಪ, ಲಾಕು, ಎಲ್ಲ ನಾನೇ ನೋಡಿದೀನಿ.”

“ಸರಿ ಮೇಸ್ತ್ರಿ” ಎಂದ. ಪಟ್ಟ ಹೋದರೂ ಅವನು ನನ್ನನ್ನು ಹಾಗೆಯೇ ಕರೆಯುತ್ತಿದ್ದ. ಎಂಜಿನ್ ಚಾಲೂ ಮಾಡಿದ. ಗುಂಡಿ ಎಳೆದು ಅಂಗಳದ ಮಣ್ಣಿನಲ್ಲಿ ಎರಡು ಗಜ ಮುಂದೆ ಹೋದ. ದೀಪ ಹತ್ತಿತು. ಗುಂಡಿ ಒತ್ತಿ ಎರಡು ಗಜ ಹಿಂದೆ ಬಂದ. ದೀಪ ಆರಿತು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಆಮೇಲೆ ಕೈ ಬೀಸಿ ಗೇಟು ದಾಟಿದ.

ಅವನು ಮಾಡಿದ್ದು ಸರಿ. ಅಂಥ ಗಾಡಿಯಲ್ಲಿ ಎಲ್ಲ ಡ್ರೈವರುಗಳೂ ಆಗಾಗ ಮಾಡಬೇಕಾದದ್ದೇ ಅದು, ಆಮೇಲೆ ಬಂದವರಿಗೆಲ್ಲ ನಾನೇ ಕಲಿಸಿದೆ. ಅವರು ವಾರಕ್ಕೊಮ್ಮೆ ಮಾಡುತ್ತಿದ್ದರು. ಅವನು ಮಾತ್ರ ನಾನು ಆ ಷೆಡ್ಡಿನಲ್ಲಿದ್ದ ಆರು ವರ್ಷವೂ, ನಗುನಗುತ್ತ ನನ್ನ ಜೊತೆ ಮಾತಾಡುತ್ತಲೇ, ಒಂದು ಬೆಳಿಗ್ಗೆಯೂ ತಪ್ಪದೆ ದೀಪ ಹತ್ತಿಸಿ ಆರಿಸಿ ನೋಡಿಕೊಂಡೇ ಹೊರಟ.